ಆಟದ ಸಾಮಾನಿಗೆ ಪ್ರಾಂಶುಪಾಲರಿಗೆ ಬರೆದ ಅರ್ಜಿ: ನಾನು ಲೆಕ್ಕ ಹಾಕಿದ ರೀತಿ

ಗದಗ ತಾಲ್ಲೂಕಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕಿ. ಎಂಟರಿಂದ ಹತ್ತನೆಯ ತರಗತಿವರೆಗೆ 212 ಮಕ್ಕಳಿದ್ದಾರೆ. ಸರಕಾರಿ ಪ್ರೌಢಶಾಲೆಗಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ವರ್ಷಕ್ಕೆ 25,000 ರೂಪಾಯಿವರೆಗೆ ಕ್ರೀಡಾ ಅನುದಾನಕ್ಕೆ ಅವಕಾಶವಿದೆ. ನಮ್ಮಲ್ಲಿ ದುಡ್ಡು ಬರಬೇಕಾದದ್ದು ಮಕ್ಕಳು ಕಟ್ಟಿದ ಕ್ರೀಡಾ ಶುಲ್ಕದಿಂದ, ಅದು ಸಾಲದಿದ್ದರೆ ಆಡಳಿತ ಮಂಡಳಿಯಿಂದ. ಎರಡಕ್ಕೂ ಮೊದಲು ಪ್ರಾಂಶುಪಾಲರ ಸಹಿ ಬೇಕು. ಹಾಗಾಗಿ ಅರ್ಜಿ ಅವರಿಗೇ ಬರೆದೆ.

ಬರೆಯುವ ಮೊದಲು ಸಾಮಾನಿನ ಕೋಣೆ ಖಾಲಿ ಮಾಡಿಸಿ, ಎಲ್ಲವನ್ನೂ ವರಾಂಡದಲ್ಲಿ ಹರವಿಸಿದೆ. ಬಳಸಬಹುದಾದದ್ದು, ರಿಪೇರಿ ಆಗುವಂಥದ್ದು, ದಾಸ್ತಾನು ವಹಿಯಿಂದ ತೆಗೆದುಹಾಕಬೇಕಾದದ್ದು ಎಂದು ಮೂರು ಗುಂಪು. ಗುಂಡು, ಚಕ್ರ, ಅಳತೆ ಟೇಪು ಚೆನ್ನಾಗಿದ್ದವು, ಅವನ್ನು ಕೇಳುವ ಪ್ರಶ್ನೆಯೇ ಇಲ್ಲ. ವಾಲಿಬಾಲ್ ಕಂಬಗಳು ಗಟ್ಟಿಯಾಗಿದ್ದವು, ನೆಟ್ ಮಾತ್ರ ಹರಿದಿತ್ತು. ಖೋ ಖೋ ಕಂಬಗಳ ಬುಡಕ್ಕೆ ಗೆದ್ದಲು ಹತ್ತಿತ್ತು. ಆಡಲು ಬರುವಂಥ ಚೆಂಡು ಎರಡೇ. ಈ ಪಟ್ಟಿಯನ್ನು ಅರ್ಜಿಗೆ ಲಗತ್ತಿಸಿದೆ. ಇರುವುದೇನು ಎಂದು ಹೇಳದೆ ಇಲ್ಲದ್ದನ್ನು ಕೇಳಿದರೆ, ಹೋದ ಸಲ ಕೊಡಿಸಿದ್ದು ಎಲ್ಲಿ ಹೋಯಿತು ಎಂಬ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದದ್ದೂ ಹೌದು.

ಮುಂದಿನ ಕೆಲಸವೇ ನನ್ನ ಅರ್ಜಿಗೆ ಬಲ ಕೊಟ್ಟದ್ದು. ಒಂಬತ್ತನೆಯ ತರಗತಿಯ 44 ಮಕ್ಕಳನ್ನು ಆ ಎರಡು ಚೆಂಡುಗಳೊಂದಿಗೆ ಮೈದಾನಕ್ಕೆ ಬಿಟ್ಟು, ಹಾಜರಿ ಪಟ್ಟಿಯ ಪ್ರತಿ ಹಿಡಿದು ಪಕ್ಕಕ್ಕೆ ನಿಂತೆ. ಚೆಂಡು ಮುಟ್ಟಿದವರ ಹೆಸರಿನ ಮುಂದೆ ಗುರುತು ಹಾಕುತ್ತ ಹೋದೆ. ಪಿರಿಯಡ್ ಮುಗಿದಾಗ 17 ಮಕ್ಕಳ ಮುಂದೆ ಗುರುತೇ ಇರಲಿಲ್ಲ. ಅವರಲ್ಲಿ 13 ಜನ ಹುಡುಗಿಯರು. ಆ ಮಕ್ಕಳು ಆಟದಲ್ಲಿ ಆಸಕ್ತಿ ಇಲ್ಲದೆ ಬೇವಿನ ಮರದ ಕೆಳಗೆ ಕೂತಿರುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಮಾತಿತ್ತು. ಚೆಂಡು ಕೈಗೆ ಬರುವುದೇ ಇಲ್ಲ ಅಂದಮೇಲೆ ಕೂಡದೆ ಏನು ಮಾಡಬೇಕು?

ಆದ್ಯತೆಯ ಕ್ರಮ ಇದರಿಂದಲೇ ಹುಟ್ಟಿತು. ತಂಡಕ್ಕೆ ಆಯ್ಕೆಯಾಗುವ ಹದಿನೈದಿಪ್ಪತ್ತು ಮಕ್ಕಳಿಗೆ ಬೇಕಾದದ್ದಕ್ಕಿಂತ ಮೊದಲು, ಪಿರಿಯಡ್ಡಿನಲ್ಲಿ ಎಲ್ಲರ ಕೈಗೂ ಸಾಮಾನು ಬರಬೇಕು. ಎರಡನೆಯದು, ವಲಯ ಮಟ್ಟದ ಕ್ರೀಡಾಕೂಟದ ತಯಾರಿಗೆ ಬೇಕಾದದ್ದು. ಸಮವಸ್ತ್ರ ಕೊನೆಗೆ. ಜೊತೆಗೆ ಇನ್ನೊಂದು ನಿಯಮ ಹಾಕಿಕೊಂಡೆ: ಪ್ರಾಂಶುಪಾಲರು ಯಾವ ಹಂತಕ್ಕೆ ನಿಲ್ಲಿಸಿದರೂ, ಅಲ್ಲಿಯವರೆಗೆ ಬಂದ ಸಾಮಾನು ತನ್ನಷ್ಟಕ್ಕೆ ಪೂರ್ತಿ ಕೆಲಸಕ್ಕೆ ಬರಬೇಕು. ಚೆಂಡು ಮೊದಲ ಹಂತದಲ್ಲಿ, ಗಾಳಿ ಪಂಪು ಮೂರನೆಯದರಲ್ಲಿ ಇದ್ದರೆ, ಎರಡನೆಯ ಹಂತದ ನಂತರ ಕತ್ತರಿ ಬಿದ್ದ ದಿನ ಚೆಂಡುಗಳು ಒಂದೆರಡು ತಿಂಗಳಲ್ಲಿ ಮೆತ್ತಗಾಗಿ ಮೂಲೆ ಸೇರುತ್ತವೆ. ಆದ್ದರಿಂದ ಪಂಪು, ಸೂಜಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಗೆರೆ ಎಳೆಯುವ ಸುಣ್ಣದ ಪುಡಿ ಎಲ್ಲವನ್ನೂ ಮೊದಲ ಹಂತಕ್ಕೇ ಸೇರಿಸಿದೆ.

ಯಾವ ಚೆಂಡು ಎಂಬುದನ್ನು ನಮ್ಮ ಮೈದಾನವೇ ತೀರ್ಮಾನಿಸಿತು. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಾಗುತ್ತದೆ, ಮಳೆ ಬಂದರೆ ಅಂಟುತ್ತದೆ. ಹೊಲಿಗೆಯ ಚೆಂಡಿನ ನೂಲು ಮೊದಲು ಸವೆಯುತ್ತದೆ, ಆಮೇಲೆ ಹೋಳು ಏಳುತ್ತದೆ. ಹೊಲಿಗೆ ಇಲ್ಲದ ಮೋಲ್ಡೆಡ್ ರಬ್ಬರ್ ಚೆಂಡು ಈ ನೆಲಕ್ಕೆ ತಾಳುತ್ತದೆ, ಬೆಲೆಯೂ ಕಡಿಮೆ. ಅದರ ಕೊರತೆಯನ್ನೂ ಅರ್ಜಿಯಲ್ಲಿ ಬರೆದೆ. ಗಾಳಿ ಹೆಚ್ಚಾದರೆ ಮುಂಗೈಗೆ ಚುರುಕೆನ್ನುವಂತೆ ಬಡಿಯುತ್ತದೆ, ಜಾಲಿ ಮುಳ್ಳು ಚುಚ್ಚಿದರೆ ಒಳಗಿನ ಬ್ಲಾಡರ್ ಬದಲಿಸಲು ಬರುವುದಿಲ್ಲ. ಆದ್ದರಿಂದ ಪಂದ್ಯದ ಅಭ್ಯಾಸಕ್ಕೆ ಎರಡು ಒಳ್ಳೆಯ ಚೆಂಡು ಬೇರೆಯೇ ಬೇಕು, ಅವು ಎರಡನೆಯ ಹಂತದಲ್ಲಿ.

ದರಪಟ್ಟಿಯನ್ನು ಹುಬ್ಬಳ್ಳಿ ಮತ್ತು ಗದಗಿನ ಮೂರು ಅಂಗಡಿಗಳಿಂದ ತರಿಸಿದೆ. ಬರೀ ‘ವಾಲಿಬಾಲ್ 6’ ಎಂದು ಕೇಳಿದರೆ ಒಬ್ಬರು ಅಗ್ಗದ್ದಕ್ಕೆ, ಇನ್ನೊಬ್ಬರು ದುಬಾರಿಯದ್ದಕ್ಕೆ ದರ ಬರೆಯುತ್ತಾರೆ, ಹೋಲಿಸಲು ಏನೂ ಉಳಿಯುವುದಿಲ್ಲ. ಮೂವರಿಗೂ ಒಂದೇ ವಿವರ ಕೊಟ್ಟೆ: ಮೋಲ್ಡೆಡ್ ರಬ್ಬರ್, ಸುತ್ತಳತೆ 65ರಿಂದ 67 ಸೆಂ.ಮೀ.; ನೆಟ್ 9.5 ಮೀಟರ್ ಉದ್ದ, 1 ಮೀಟರ್ ಅಗಲ, ಮೇಲೆ ಕೇಬಲ್ ಸಹಿತ. ದರ ಜಿಎಸ್‌ಟಿ ಮತ್ತು ಸಾಗಣೆ ಸೇರಿ. ದರ ಎಷ್ಟು ದಿನ ಊರ್ಜಿತ ಎಂಬುದನ್ನೂ ಬರೆಸಿಕೊಂಡೆ, ಏಕೆಂದರೆ ಮಂಜೂರಾತಿ ತಡವಾಗಬಹುದು.

ಖೋ ಖೋ ಕಂಬ ಮಾತ್ರ ಅಂಗಡಿಯದಲ್ಲ. ಊರಿನ ಬಡಿಗರೇ ಮಾಡಿಕೊಡುತ್ತಾರೆ, ಜೋಡಿಗೆ ಅಂಗಡಿಗಿಂತ 1,400 ರೂಪಾಯಿ ಕಡಿಮೆ ಬಿತ್ತು. ನೆಲದ ಮೇಲೆ 120ರಿಂದ 125 ಸೆಂ.ಮೀ. ಎತ್ತರ, ಮೇಲಿಂದ ಕೆಳಗೆ ಒಂದೇ ದಪ್ಪ, ಸಿಬಿರು ಏಳದಂತೆ ನುಣುಪು. ಕಂಬ ಹಿಡಿದು ತಿರುಗುವ ಮಗುವಿನ ಅಂಗೈಗೆ ಸಿಬಿರು ಹೊಕ್ಕರೆ ಆ ಮಗು ಮತ್ತೆ ಕಂಬದ ಹತ್ತಿರ ವೇಗವಾಗಿ ಬರುವುದಿಲ್ಲ. ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವುದರಿಂದ ಬರೀ ಮಣ್ಣಲ್ಲಿ ಹೂತ ಕಂಬ ಒಂದು ಮಳೆಗಾಲಕ್ಕೇ ವಾಲುತ್ತದೆ. ಅದಕ್ಕೇ ಗುಂಡಿಗೆ ಕಾಂಕ್ರೀಟ್ ಹಾಕುವ ಖರ್ಚನ್ನೂ ಪಟ್ಟಿಗೆ ಸೇರಿಸಿದೆ. ಕಂಬದ ಬೆಲೆ ಬರೆದು ನೆಡುವ ಖರ್ಚು ಬಿಟ್ಟರೆ ಆ ದುಡ್ಡಿಗೆ ಮತ್ತೊಮ್ಮೆ ಅರ್ಜಿ ಬರೆಯಬೇಕಾಗುತ್ತದೆ.

ವಿಳಾಸ, ದಿನಾಂಕ ಬಿಟ್ಟು ಅರ್ಜಿಯ ಮುಖ್ಯ ಭಾಗ ಹೀಗಿತ್ತು:

ವಿಷಯ: ಮೂಲಭೂತ ಕ್ರೀಡಾ ಸಾಮಗ್ರಿಗಳ ಖರೀದಿಗೆ 18,070 ರೂ. ಮೂರು ಹಂತಗಳಲ್ಲಿ ಮಂಜೂರು ಮಾಡುವ ಕುರಿತು.

ಮಾನ್ಯರೆ,

ನಮ್ಮ ಶಾಲೆಯ 212 ಮಕ್ಕಳ ದೈಹಿಕ ಶಿಕ್ಷಣ ಅವಧಿಗೆ ಸದ್ಯ ಬಳಕೆಗೆ ಬರುವ ಚೆಂಡುಗಳು ಎರಡು. ಒಂಬತ್ತನೆಯ ತರಗತಿಯ ಒಂದು ಅವಧಿಯಲ್ಲಿ ದಾಖಲಿಸಿದಂತೆ 44 ಮಕ್ಕಳಲ್ಲಿ 17 ಮಕ್ಕಳಿಗೆ ಚೆಂಡು ಒಮ್ಮೆಯೂ ಸಿಕ್ಕಿಲ್ಲ. ಆದ್ದರಿಂದ ಕೆಳಗಿನ ಸಾಮಗ್ರಿಗಳನ್ನು ಆದ್ಯತೆಯ ಕ್ರಮದಲ್ಲಿ ಕೋರುತ್ತೇನೆ.

ಹಂತ 1, ಎಲ್ಲ ಮಕ್ಕಳ ಅವಧಿಗೆ: ರಬ್ಬರ್ ವಾಲಿಬಾಲ್ 6ಕ್ಕೆ 2,700, ರಬ್ಬರ್ ಫುಟ್‌ಬಾಲ್ 4ಕ್ಕೆ 1,920, ಸ್ಕಿಪ್ಪಿಂಗ್ ಹಗ್ಗ 20ಕ್ಕೆ 1,200, ಗುರುತಿನ ಕೋನ್‌ಗಳ ಒಂದು ಸೆಟ್ 500, ಪಂಪು ಮತ್ತು ಸೂಜಿಗಳು 450, ಸುಣ್ಣದ ಪುಡಿ 400, ಪ್ರಥಮ ಚಿಕಿತ್ಸೆ ಪೆಟ್ಟಿಗೆ 600. ಒಟ್ಟು 7,770 ರೂ.

ಹಂತ 2, ವಲಯ ಮತ್ತು ತಾಲ್ಲೂಕು ಕ್ರೀಡಾಕೂಟದ ತಯಾರಿಗೆ: ವಾಲಿಬಾಲ್ ನೆಟ್ 1,400, ಪಂದ್ಯದ ವಾಲಿಬಾಲ್ 2ಕ್ಕೆ 1,900, ಖೋ ಖೋ ಕಂಬ ಒಂದು ಜೋಡಿ 1,800, ಕಂಬ ನೆಡುವ ಕಾಂಕ್ರೀಟ್ 400. ಒಟ್ಟು 5,500 ರೂ.

ಹಂತ 3: ಸಂಖ್ಯೆ ಇರುವ ಬನಿಯನ್ 15ಕ್ಕೆ 4,800 ರೂ.

ಪೂರ್ತಿ ಮೊತ್ತ ಈಗ ಸಾಧ್ಯವಾಗದಿದ್ದಲ್ಲಿ ಹಂತ 1ನ್ನು ಜೂನ್ ತಿಂಗಳಲ್ಲೇ ಮಂಜೂರು ಮಾಡಬೇಕೆಂದು ವಿನಂತಿ. ಇದು ಒಂದು ಮಗುವಿಗೆ ವರ್ಷಕ್ಕೆ 37 ರೂಪಾಯಿಗಿಂತ ಕಡಿಮೆ. ಬಳಕೆಯಲ್ಲಿ ಎರಡು ಮೂರು ಚೆಂಡುಗಳು ಹಾಳಾಗುವುದು ಸಹಜವಾದ್ದರಿಂದ ಮುಂದಿನ ವರ್ಷ ಅಷ್ಟನ್ನು ಮಾತ್ರ ಕೋರುತ್ತೇನೆ. ಸಾಮಗ್ರಿಗಳನ್ನು ದಾಸ್ತಾನು ವಹಿಯಲ್ಲಿ ದಾಖಲಿಸಿ, ಬಿಲ್ಲುಗಳೊಂದಿಗೆ ತಮ್ಮ ಪರಿಶೀಲನೆಗೆ ಹಾಜರುಪಡಿಸುತ್ತೇನೆ.

ಲಗತ್ತು: ಇರುವ ಸಾಮಗ್ರಿಗಳ ಪಟ್ಟಿ, ಮೂರು ದರಪಟ್ಟಿ, ಬಡಿಗರ ಅಂದಾಜು ಚೀಟಿ.

ಒಂದೇ ಪುಟ. ಕ್ರೀಡೆಯಿಂದ ಶಿಸ್ತು ಬರುತ್ತದೆ, ಆರೋಗ್ಯ ಬರುತ್ತದೆ ಎಂಬ ಸಾಲುಗಳನ್ನು ಬರೆಯಲಿಲ್ಲ. ಅದು ಪ್ರಾಂಶುಪಾಲರಿಗೆ ಗೊತ್ತು. ಅವರಿಗೆ ಗೊತ್ತಿಲ್ಲದಿದ್ದದ್ದು ಆ 17 ಮಕ್ಕಳ ವಿಷಯ.

ಅರ್ಜಿಯನ್ನು ಕೈಯಾರೆ ಒಯ್ದು ಕೊಟ್ಟೆ. ಓದಿ ಮುಗಿಸಿ ಅವರು ಕೇಳಿದ ಮೊದಲ ಪ್ರಶ್ನೆ, "ಮೇಡಂ, ಕ್ರಿಕೆಟ್ ಕಿಟ್ ಯಾಕ ಬರದಿಲ್ರಿ? ಪಾಲಕರು ಅದನ್ನ ಕೇಳ್ತಾರ."

"ಸರ್, ಈ ಬಿರುಕು ಬಿಟ್ಟ ನೆಲದಾಗ ಲೆದರ್ ಬಾಲ್ ಹೆಂಗ್ ಏಳ್ತೈತಿ ಹೇಳಾಕ ಬರಂಗಿಲ್ರಿ. ಮಕ್ಕಳಿಗೆ ಪೆಟ್ಟಾಗತೈತಿ. ಅದೂ ಅಲ್ದ ಒಬ್ಬ ಬ್ಯಾಟ್ ಮಾಡಿದ್ರ ಉಳಿದೋರು ನಿಂತ ನೋಡ್ತಾರ್ರಿ. ಅಷ್ಟ ರೊಕ್ಕದಾಗ ಹತ್ತು ಚೆಂಡು ಬರ್ತಾವು."

ಎತ್ತರ ಜಿಗಿತದ ಹಾಸಿಗೆಯನ್ನೂ ಕೇಳಿದರು. ಅದು ನಮ್ಮ ಇಡೀ ಪಟ್ಟಿಗಿಂತ ದುಬಾರಿ, ಒಳಗಿಡಲು ಜಾಗವೂ ಇಲ್ಲ. ಬಿಸಿಲು ಮಳೆಗೆ ಬಿಟ್ಟರೆ ಒಳಗಿನ ಸ್ಪಂಜು ಹಾಳು. ಯಾವುದನ್ನು ಏಕೆ ಕೇಳಿಲ್ಲ ಎಂಬುದಕ್ಕೆ ಉತ್ತರ ಸಿದ್ಧವಿದ್ದದ್ದರಿಂದಲೇ ಕೇಳಿದ್ದರ ಮೇಲೆ ಹೆಚ್ಚು ಚರ್ಚೆ ಆಗಲಿಲ್ಲ ಎಂದು ನನ್ನ ಅಂದಾಜು.

ಅವರು ಎರಡನೆಯ ಹಂತದ ಕೆಳಗೆ ಗೆರೆ ಎಳೆದು 13,270 ರೂಪಾಯಿಗೆ ಸಹಿ ಮಾಡಿದರು. ಬನಿಯನ್ ವಿಷಯವನ್ನು ಹಳೆಯ ವಿದ್ಯಾರ್ಥಿಗಳ ಮುಂದಿಡೋಣ ಎಂದರು. ಅದು ಸರಿಯಾದ ಮಾತು. ದಾನಿಗಳು ಪಂಪು, ಸುಣ್ಣದ ಪುಡಿಗೆ ದುಡ್ಡು ಕೊಡುವುದು ಅಪರೂಪ. ಬನಿಯನ್ನಿಗೆ ಸಂತೋಷದಿಂದ ಕೊಡುತ್ತಾರೆ.

ಸಾಮಾನು ಬಂದ ದಿನ ದರಪಟ್ಟಿ ಕೈಯಲ್ಲಿ ಹಿಡಿದು ಒಂದೊಂದನ್ನೂ ನೋಡಿದೆವು. ಚೆಂಡಿನ ಸುತ್ತಳತೆಗೆ ಟೇಪು, ಗಾಳಿ ತುಂಬಿ ಒಂದು ರಾತ್ರಿ ಇಟ್ಟು ಮರುದಿನ ಹೆಬ್ಬೆರಳಿಂದ ಒತ್ತಿ ಪರೀಕ್ಷೆ. ಒಂದು ಫುಟ್‌ಬಾಲ್ ಮೆತ್ತಗಾಗಿತ್ತು, ಅಂಗಡಿಯವರು ಬದಲಿಸಿಕೊಟ್ಟರು. ಸಹಿ ಮಾಡಿ ಬಿಲ್ ಕೊಟ್ಟ ಮೇಲೆ ಅದು ಆಗುತ್ತಿರಲಿಲ್ಲ. ಸೂಜಿಯನ್ನು ಒದ್ದೆ ಮಾಡದೆ ವಾಲ್ವಿಗೆ ಹಾಕಬಾರದು, ಒಣ ಸೂಜಿ ವಾಲ್ವನ್ನು ಸೀಳುತ್ತದೆ ಎಂದು ಪ್ರತಿ ತರಗತಿಯ ಇಬ್ಬರು ಮಕ್ಕಳಿಗೆ ಕಲಿಸಿ ಪಂಪಿನ ಜವಾಬ್ದಾರಿ ಅವರಿಗೇ ಕೊಟ್ಟೆ. ಬೇಲಿಯಂಚಿನ ಜಾಲಿ ಮುಳ್ಳನ್ನು ಮಕ್ಕಳಿಂದ ಆರಿಸಬಾರದೆಂದು ಕೂಲಿಯವರಿಂದ ತೆಗೆಸಿದೆವು.

ಅಕ್ಟೋಬರ್ ರಜೆಗೆ ಮುಂಚೆ ಅದೇ ತರಗತಿಯಲ್ಲಿ ಮತ್ತೆ ಹಾಜರಿ ಪಟ್ಟಿ ಹಿಡಿದು ನಿಂತೆ. ಹತ್ತು ಚೆಂಡು, ನಾಲ್ಕೈದು ಮಕ್ಕಳ ಗುಂಪುಗಳು. ಗುರುತು ಇಲ್ಲದವರು ಇಬ್ಬರು, ಅವರಲ್ಲಿ ಒಬ್ಬಳಿಗೆ ಜ್ವರ. ಆ ಹಾಳೆಯನ್ನು ಬಿಲ್ಲುಗಳ ಜೊತೆ ಪ್ರಾಂಶುಪಾಲರಿಗೆ ಕೊಟ್ಟಿದ್ದೇನೆ. ಬರುವ ಜೂನ್ ಅರ್ಜಿಯಲ್ಲಿ ಮೂರು ರಬ್ಬರ್ ಚೆಂಡು, ಸುಣ್ಣದ ಪುಡಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಖಾಲಿಯಾದ ಸಾಮಾನು, ಇಷ್ಟೇ ಇರುತ್ತದೆ.