‘ಇದು ಮನುಷ್ಯರೇ ಬರೆದದ್ದೇ?’ ಎಂದು ಕೇಳಿದಾಗ ನಾನು ಓದುವ ಬಗೆ

ಕರಡು ತಿದ್ದುವುದು ನನ್ನ ಕೆಲಸ. ಈಚೆಗೆ ತಿದ್ದುವುದಕ್ಕಿಂತ ಹೆಚ್ಚಾಗಿ ಬರುವ ಕೋರಿಕೆ ಬೇರೆಯದು. ಯಾರೋ ನಾಲ್ಕಾರು ಪ್ಯಾರಾಗಳನ್ನು ಕಳುಹಿಸಿ, ‘ಇದು ಮನುಷ್ಯರು ಬರೆದ ಹಾಗಿದೆಯೇ, ಚಾಟ್‌ಜಿಪಿಟಿಯಂಥ ಯಂತ್ರ ಬರೆದ ಹಾಗಿದೆಯೇ, ಸ್ವಲ್ಪ ನೋಡಿ ಹೇಳಿ’ ಎನ್ನುತ್ತಾರೆ. ಇಂಥ ಪ್ರಶ್ನೆ ಬಂದಾಗ ನಾನು ಏನು ಮಾಡುತ್ತೇನೆಂದು ಒಂದೇ ಬರಹದ ಮೂಲಕ ಹೇಳುತ್ತೇನೆ.

ಸ್ಮರಣ ಸಂಚಿಕೆಯೊಂದರ ಸಂಪಾದಕರು ಕಳುಹಿಸಿದ್ದು ಅದು. ತೀರಿಕೊಂಡ ಗಣಿತದ ಮೇಷ್ಟರನ್ನು ಕುರಿತು ಹಳೆಯ ವಿದ್ಯಾರ್ಥಿಯೊಬ್ಬರು ಬರೆದ ಲೇಖನ. ‘ಯಂತ್ರ ಬರೆದುಕೊಟ್ಟದ್ದು ಎನ್ನಿಸುತ್ತಿದೆ ಮೇಡಂ, ನಿಮಗೇನನ್ನಿಸುತ್ತದೆ?’ ಎಂದಿದ್ದರು. ಓದುವ ಮೊದಲು ನಾನು ಕೇಳಿದ್ದು ಒಂದೇ: ‘ನನ್ನ ಉತ್ತರ ಇಟ್ಟುಕೊಂಡು ನೀವು ಏನು ಮಾಡುತ್ತೀರಿ?’ ಲೇಖನವನ್ನು ತಿರಸ್ಕರಿಸುವುದಾದರೆ ಅಷ್ಟು ಭಾರವನ್ನು ಹೊರುವ ಶಕ್ತಿ ಬರೀ ಓದಿಗೆ ಇಲ್ಲ. ತಿದ್ದುವುದಾದರೆ ಓದಿನಿಂದ ಬಹಳ ಪ್ರಯೋಜನವಿದೆ. ತಿದ್ದಬೇಕೆಂದೇ ಇದ್ದೇನೆ ಎಂದರು.

ಅವರಿಗೆ ಅನುಮಾನ ಹುಟ್ಟಿಸಿದ್ದು ಮೊದಲ ಪ್ಯಾರಾ. ‘ಅವರು ಬರೀ ಗಣಿತ ಕಲಿಸಿದವರಲ್ಲ, ಬದುಕನ್ನೇ ಕಲಿಸಿದವರು. ಅವರ ತಾಳ್ಮೆ, ಶಿಸ್ತು, ವಾತ್ಸಲ್ಯಗಳನ್ನು ಮರೆಯುವುದುಂಟೇ?’ ‘ಅದಲ್ಲ, ಇದು’ ಎನ್ನುವ ವಾಕ್ಯ, ಮೂರು ಮೂರು ಗುಣಗಳ ಸಾಲು ಯಂತ್ರದ ಗುರುತು ಎಂಬ ಮಾತು ಚಾಲ್ತಿಯಲ್ಲಿದೆ. ಯಂತ್ರಗಳು ಇವನ್ನು ಹೆಚ್ಚಾಗಿ ಬಳಸುವುದೂ ನಿಜ. ಆದರೆ ಈ ವಾಕ್ಯಗಳು ಸನ್ಮಾನದ ಭಾಷಣ, ಬೀಳ್ಕೊಡುಗೆಯ ಬಿನ್ನವತ್ತಳೆಗಳಲ್ಲಿ ಯಂತ್ರಗಳಿಗೆ ಮುಂಚೆಯೇ ಬೇರೂರಿದವು. ವೇದಿಕೆಯ ಮೇಲೆ ನಿಂತು ನಾಲ್ಕು ಮಾತಾಡಿ ರೂಢಿಯಿದ್ದವರ ಕೈಗೆ ಮೊದಲು ಸಿಗುವುದೇ ಇವು. ಸವೆದ ಮಾತು ಎನ್ನಬಹುದು, ಯಂತ್ರದ ಮಾತು ಎನ್ನಲಾಗದು. ಆ ಪ್ಯಾರಾದ ಪಕ್ಕದಲ್ಲಿ ‘ಏನೂ ಹೇಳಲಾಗದು’ ಎಂದು ಬರೆದೆ.

ನನ್ನನ್ನು ತಡೆದು ನಿಲ್ಲಿಸಿದ್ದು ಎರಡನೆಯ ಪ್ಯಾರಾ. ಸಂಪಾದಕರಿಗೆ ಅದು ಚೆನ್ನಾಗಿದೆ ಎನ್ನಿಸಿತ್ತು, ಏಕೆಂದರೆ ಅದರಲ್ಲಿ ಒಂದು ಸನ್ನಿವೇಶವಿತ್ತು. ‘ನಾನು ನನ್ನ ಪುಸ್ತಕವನ್ನು ಅವರಿಗೆ ನೀಡಿದೆ. ಅವರು ಅದನ್ನು ನೋಡಿದರು ಮತ್ತು ಮೃದುವಾಗಿ ನಕ್ಕರು. “ತಪ್ಪುಗಳು ಕಲಿಕೆಯ ಮೊದಲ ಹೆಜ್ಜೆಗಳು” ಎಂದು ಅವರು ತಮ್ಮ ಕನ್ನಡಕವನ್ನು ಸರಿಪಡಿಸಿಕೊಳ್ಳುತ್ತಾ ಹೇಳಿದರು.’ ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೆ ಕನ್ನಡದಲ್ಲಿ ಯೋಚಿಸುವವರು ‘ನೋಡಿದರು ಮತ್ತು ನಕ್ಕರು’ ಎಂದು ಸಾಮಾನ್ಯವಾಗಿ ಬರೆಯುವುದಿಲ್ಲ, ‘ನೋಡಿ ಮೆಲ್ಲನೆ ನಕ್ಕರು’ ಎನ್ನುತ್ತಾರೆ. ಒಬ್ಬರೇ ಮಾಡಿದ ಎರಡು ಕೆಲಸಗಳನ್ನು ‘ಮತ್ತು’ ಹಾಕಿ ಹೊಲಿಯುವುದು, ‘ನನ್ನ’, ‘ತಮ್ಮ’ ಎಂಬುದನ್ನು ಬೇಡದ ಕಡೆಯೆಲ್ಲ ಹೇಳುವುದು, ಆಡಿದ ಮಾತಿನ ಹಿಂದೆ ‘ಹೀಗೆ ಮಾಡುತ್ತಾ ಹೇಳಿದರು’ ಎಂದು ಬಾಲ ಜೋಡಿಸುವುದು, ಇವೆಲ್ಲ ಒಟ್ಟಿಗೆ ಬಂದರೆ ಅಡಿಯಲ್ಲಿ ಇಂಗ್ಲಿಷ್ ಇದೆ ಎಂದು ಧೈರ್ಯವಾಗಿ ಹೇಳುತ್ತೇನೆ.

ಅಷ್ಟಕ್ಕೇ ನಿಲ್ಲುತ್ತೇನೆ ಕೂಡ. ಅಡಿಯಲ್ಲಿ ಇಂಗ್ಲಿಷ್ ಇರುವುದು ಅನುವಾದದ ಗುರುತೇ ಹೊರತು ಯಂತ್ರದ ಗುರುತಲ್ಲ. ಇಂಗ್ಲಿಷಿನಲ್ಲೇ ಓದಿ ಬೆಳೆದ ಮನುಷ್ಯರೂ ಹೀಗೆ ಬರೆಯುತ್ತಾರೆ. ಕಚೇರಿಯ ಸುತ್ತೋಲೆಗಳಲ್ಲಿ ‘ಮಾಡಲ್ಪಟ್ಟ’, ‘ನೀಡಲ್ಪಟ್ಟ’ಗಳನ್ನು ತುಂಬಿಸಿದ್ದು ಮನುಷ್ಯರೇ. ಈ ಗೆರೆಯನ್ನು ದಾಟಿ ತೀರ್ಪು ಕೊಡುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ, ಏಕೆಂದರೆ ಪೆಟ್ಟು ಬೀಳುವುದು ಬರೆದವರ ಹೆಸರಿಗೆ.

ಮೂರನೆಯ ಪ್ಯಾರಾ ಬೇರೆ ಥರದ್ದು. ‘ಭಾಗಕಾರದಲ್ಲಿ ಶೇಷ ಉಳಿದರೆ ಅದರ ಸುತ್ತ ಚೌಕ ಹಾಕಬೇಕು. ಹಾಕದಿದ್ದರೆ ಉತ್ತರ ಸರಿಯಿದ್ದರೂ ಅರ್ಧ ಅಂಕವೇ. ನನಗೆ ಅದು ಅನ್ಯಾಯ ಅನ್ನಿಸುತ್ತಿತ್ತು.’ ‘ಭಾಗಾಕಾರ’ ಎಂದಿರಬೇಕಾದದ್ದು ‘ಭಾಗಕಾರ’ ಆಗಿದೆ, ಆದರೆ ಕಾಗುಣಿತದ ತಪ್ಪನ್ನು ನಾನು ಸಾಕ್ಷಿಯಾಗಿ ಹಿಡಿಯುವುದಿಲ್ಲ. ತಪ್ಪು ಬೆರೆಸಿ ಬರೆ ಎಂದರೆ ಯಂತ್ರ ಹಾಗೂ ಬರೆಯುತ್ತದೆ. ನಿರ್ದಿಷ್ಟ ವಿವರವೂ ಸಾಕ್ಷಿಯಲ್ಲ, ಬೇಕಾದಷ್ಟು ವಿವರವನ್ನು ಯಂತ್ರ ಕಲ್ಪಿಸಿಕೊಡುತ್ತದೆ. ವಿವರದಿಂದ ಇರುವ ಲಾಭವೆಂದರೆ ಅದರ ಬೆನ್ನು ಹತ್ತಿ ಪ್ರಶ್ನೆ ಕೇಳಬಹುದು. ಮೊದಲ ಪ್ಯಾರಾ ಹಿಡಿದು ಲೇಖಕರನ್ನು ಏನು ಕೇಳಲು ಸಾಧ್ಯ?

ಈ ನಡುವೆ ಸಂಪಾದಕರು ಇನ್ನೂ ಎರಡು ಪುರಾವೆ ತಂದರು. ಪಠ್ಯದಲ್ಲಿ ಕಣ್ಣಿಗೆ ಕಾಣದ ಅಕ್ಷರಗಳಿವೆ, ಅವು ಯಂತ್ರ ಬಿಟ್ಟ ಗುರುತು ಎಂದು ಯಾರೋ ಅವರಿಗೆ ಹೇಳಿದ್ದರಂತೆ. ತೆರೆದು ನೋಡಿದರೆ ಅದು U+200C. ‘ಹೆಡ್‌ಮಾಸ್ಟರ್’ ಎಂದು ಬರೆಯುವಾಗ ‘ಡ್’ ಕೆಳಗೆ ‘ಮ’ ಒತ್ತಾಗಿ ಸೇರಿಕೊಳ್ಳದಂತೆ ತಡೆಯುವ ಅಕ್ಷರ ಅದು. ಇಂಥ ಪದಗಳನ್ನು ಸರಿಯಾಗಿ ಟೈಪ್ ಮಾಡುವವರೆಲ್ಲರ ಬರಹದಲ್ಲೂ ಇರುತ್ತದೆ.

ಇನ್ನೊಂದು, ಪತ್ತೆ ಮಾಡುವ ತಂತ್ರಾಂಶ ಕೊಟ್ಟ ಶೇಕಡಾವಾರು. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದೊಂದನ್ನು ಬಿಟ್ಟಿತ್ತು. ಕಂಪನಿಯದೇ ಪರೀಕ್ಷೆಯಲ್ಲಿ ಅದು ಯಂತ್ರದ ಇಂಗ್ಲಿಷ್ ಬರಹದಲ್ಲಿ ಶೇ. 26ರಷ್ಟನ್ನು ಮಾತ್ರ ಹಿಡಿಯಿತು, ಮನುಷ್ಯರ ಬರಹದಲ್ಲಿ ಶೇ. 9ರಷ್ಟನ್ನು ಯಂತ್ರದ್ದೆಂದಿತು. ನಿಖರತೆ ಸಾಲದೆಂದು ಅದೇ ಜುಲೈನಲ್ಲಿ ಹಿಂತೆಗೆದುಕೊಂಡರು. ಮುಂದೆ ಬಂದವು ಉತ್ತಮವಾಗಿರಬಹುದು, ಆದರೆ ಇಂಥ ಹಲವು ತಂತ್ರಾಂಶಗಳು ನೋಡುವುದು ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಎಂಬುದನ್ನು. ಸವೆದ ಮಾತಿನಲ್ಲಿ ಬರೆಯುವ ಪ್ರಾಮಾಣಿಕರು ಅಲ್ಲಿ ಸಿಕ್ಕಿಬೀಳುವುದು ಸಹಜ.

ಕೊನೆಗೆ ಎರಡು ಕೆಲಸ ಮಾಡಲು ಹೇಳಿದೆ. ಒಂದು, ಲೇಖಕರು 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬರುವ ಮೊದಲು ಬರೆದದ್ದು ಏನಾದರೂ ಇದ್ದರೆ ತರಿಸಿಕೊಳ್ಳುವುದು. ಎರಡು, ಆರೋಪದ ಧಾಟಿಯಿಲ್ಲದೆ, ಲೇಖನ ತಿದ್ದುವವರು ಸಹಜವಾಗಿ ಕೇಳುವಂತೆ ಕೇಳುವುದು: ‘ಸರ್, ಮೇಷ್ಟರು ಚೌಕ ಏಕೆ ಹಾಕಿಸುತ್ತಿದ್ದರು? ತಪ್ಪುಗಳ ಬಗ್ಗೆ ಅವರು ಹೇಳಿದ ಮಾತು ಇದೇ ಪದಗಳಲ್ಲಿತ್ತೇ?’

ಹಳೆಯ ಬರಹವಾಗಿ ಬಂದದ್ದು ಒಂದು ಬೀಳ್ಕೊಡುಗೆ ಭಾಷಣದ ಪ್ರತಿ. ಅದರಲ್ಲೂ ‘ಬರೀ ಅಧಿಕಾರಿಯಲ್ಲ, ಅಣ್ಣ’ ಎಂಬ ವಾಕ್ಯವಿತ್ತು. ಮೊದಲ ಪ್ಯಾರಾದ ಬಗೆಗಿನ ಅನುಮಾನಕ್ಕೆ ಆಧಾರವೇ ಉಳಿಯಲಿಲ್ಲ.

ಚೌಕದ ಪ್ರಶ್ನೆಗೆ ಕೇಳಿದ್ದಕ್ಕಿಂತ ಹೆಚ್ಚು ಉತ್ತರ ಬಂತು. ಮೇಷ್ಟರು ತಾಳೆ ನೋಡದೆ ಲೆಕ್ಕ ಒಪ್ಪುತ್ತಿರಲಿಲ್ಲವಂತೆ. 47ನ್ನು 6ರಿಂದ ಭಾಗಿಸಿದರೆ ಭಾಗಲಬ್ಧ 7, ಶೇಷ 5. ಆರೇಳು ನಲವತ್ತೆರಡು ಎಂದು ಗುಣಿಸಿದ ಮಕ್ಕಳು ಐದನ್ನು ಕೂಡಿಸಲು ಮರೆತು, ತಾಳೆಯಾಗಲಿಲ್ಲವೆಂದು ಸರಿಯಿದ್ದ ಲೆಕ್ಕವನ್ನೇ ಅಳಿಸುತ್ತಿದ್ದರು. ಚೌಕ ಇದ್ದರೆ ಐದು ಕಣ್ಣಿಗೆ ಬೀಳುತ್ತಿತ್ತು. ಲೇಖನದಲ್ಲಿ ಇಲ್ಲದ ಈ ಕಾರಣ ಫೋನಿನಲ್ಲಿ ತಡವರಿಸದೆ ಬಂತು.

ಎರಡನೆಯ ಪ್ಯಾರಾದ ವಿಷಯವನ್ನು ಅವರೇ ಹೇಳಿದರು. ಮೊಮ್ಮಗಳಿಗೂ ಓದಲು ಸಿಗಲೆಂದು ಆ ಭಾಗವನ್ನು ಇಂಗ್ಲಿಷಿನಲ್ಲಿ ಬರೆದಿದ್ದರಂತೆ. ಅದನ್ನು ‘ಚೆಂದ ಮಾಡಿ ಕನ್ನಡಕ್ಕೆ ತಾ’ ಎಂದು ಯಂತ್ರಕ್ಕೆ ಕೊಟ್ಟಿದ್ದರು. ಪುಸ್ತಕ ತೋರಿಸಿದ್ದು, ಮೇಷ್ಟರು ನಕ್ಕದ್ದು ನಿಜ. ತಪ್ಪುಗಳ ಕುರಿತ ಹಿತವಚನ, ಕನ್ನಡಕ ಎರಡೂ ಯಂತ್ರ ಸೇರಿಸಿದವು. ಮೇಷ್ಟರು ಕನ್ನಡಕವನ್ನೇ ಹಾಕುತ್ತಿರಲಿಲ್ಲವಂತೆ. ‘ಓದಲು ಹಿತವಾಗಿತ್ತು, ಹಾಗೇ ಬಿಟ್ಟೆ’ ಎಂದರು.

ಹೀಗಾಗಿ ಸಂಪಾದಕರಿಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಕೊಡಲಿಲ್ಲ. ಹಿತವಚನವನ್ನೂ ಕನ್ನಡಕವನ್ನೂ ತೆಗೆಯಿರಿ, ಲೇಖಕರು ನಡೆದದ್ದೆಂದು ಖಾತರಿ ಕೊಡುವ ಎರಡು ವಾಕ್ಯ ಉಳಿಸಿ, ತಾಳೆಯ ಲೆಕ್ಕವನ್ನು ಅವರ ಮಾತಿನಲ್ಲೇ ಬರೆಸಿ ಸೇರಿಸಿ ಎಂದೆ. ಮೊದಲ ಪ್ಯಾರಾವನ್ನು ಲೇಖಕರು ಬಿಟ್ಟುಕೊಡಲಿಲ್ಲ. ಅದು ಇದ್ದ ಹಾಗೆಯೇ ಅಚ್ಚಾಯಿತು.