40 ಮಕ್ಕಳಲ್ಲಿ 18 ಜನ ಸರಿ: ಪಾಠ ಮತ್ತೆ ಮಾಡ್ಬೇಕಾ, ಪ್ರಶ್ನೆಯನ್ನೇ ಬಿಡ್ಬೇಕಾ?

ಕಿರು ಪರೀಕ್ಷೆ ಮುಗಿಯಿತು, ಅಂಕ ಕೂಡಿಸಿದ್ದಾಯಿತು. ಈಗ ಯಾವ ಪಾಠ ಮತ್ತೆ ಮಾಡಬೇಕು ಅಂತ ಹೇಗೆ ಗೊತ್ತಾಗುತ್ತೆ? ಜಾಸ್ತಿ ಮಕ್ಕಳು ತಪ್ಪು ಮಾಡಿದ ಪ್ರಶ್ನೆ ಹುಡುಕಿ ಆ ಪಾಠ ಮತ್ತೆ ಹೇಳುವುದು ನಮ್ಮೆಲ್ಲರ ಅಭ್ಯಾಸ. ಅದರಲ್ಲಿ ಅರ್ಧ ಸಲ ಸಮಯ ಸುಮ್ನೆ ಹಾಳು.

ಒಂದು ಉದಾಹರಣೆ ನೋಡೋಣ. 40 ಮಕ್ಕಳು, ಭಿನ್ನರಾಶಿ ಮತ್ತು ದಶಮಾಂಶದ ಮೇಲೆ 20 ಬಹು ಆಯ್ಕೆ ಪ್ರಶ್ನೆ. ಮೊದಲು ಉತ್ತರ ಪತ್ರಿಕೆಗಳನ್ನು ಒಟ್ಟು ಅಂಕದ ಪ್ರಕಾರ ಮೇಲಿಂದ ಕೆಳಕ್ಕೆ ಜೋಡಿಸಿ. ಮೇಲಿನ 11, ಕೆಳಗಿನ 11 ಬೇರೆ ಮಾಡಿ. ಈ 11 ಎಲ್ಲಿಂದ ಬಂತು ಅಂದ್ರೆ, 40ರಲ್ಲಿ ಸುಮಾರು ಶೇ 27. ಹೀಗೆ ಗುಂಪು ಬೇರೆ ಮಾಡಲು ಸೂಕ್ತ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಟ್ರೂಮನ್ ಕೆಲ್ಲಿ 1939ರಲ್ಲಿ ಲೆಕ್ಕ ಹಾಕಿ ತೋರಿಸಿದ ಪ್ರಮಾಣ ಇದು. ತರಗತಿಯಲ್ಲಿ 20 ಮಕ್ಕಳೇ ಇದ್ದರೆ ಇಷ್ಟೆಲ್ಲ ಬೇಡ, ಅರ್ಧಕ್ಕರ್ಧ ಮಾಡಿಕೊಳ್ಳಿ.

ಈಗ ಪ್ರತಿ ಪ್ರಶ್ನೆಗೂ ಎರಡು ಸಂಖ್ಯೆ ಬರೆಯಬೇಕು.

```
p = ಸರಿ ಬರೆದವರು / ಒಟ್ಟು ಮಕ್ಕಳು
D = (ಮೇಲಿನ ಗುಂಪಿನ ಸರಿ - ಕೆಳಗಿನ ಗುಂಪಿನ ಸರಿ) / ಒಂದು ಗುಂಪಿನ ಮಕ್ಕಳು
```

`p` ಅಂದ್ರೆ ಕಠಿಣತೆಯ ಸೂಚ್ಯಂಕ. ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ, ಯಾಕಂದ್ರೆ ಇದು ಹೆಚ್ಚಾದಷ್ಟೂ ಪ್ರಶ್ನೆ ಸುಲಭ. `D` ತಾರತಮ್ಯ ಸೂಚ್ಯಂಕ: ಚೆನ್ನಾಗಿ ಕಲಿತವರನ್ನೂ ಕಲಿಯದವರನ್ನೂ ಪ್ರಶ್ನೆ ಎಷ್ಟು ಬೇರೆ ಮಾಡಿ ತೋರಿಸಿತು ಅನ್ನೋದು.

8ನೇ ಪ್ರಶ್ನೆ: 1/2 + 1/3 ಎಷ್ಟು? 18 ಜನ ಸರಿ, ಹಾಗಾಗಿ `p` 0.45. ಮೇಲಿನ ಗುಂಪಿನಲ್ಲಿ 10, ಕೆಳಗಿನದರಲ್ಲಿ 2 ಸರಿ, `D` 0.73. ಪ್ರಶ್ನೆ ಚೆನ್ನಾಗಿದೆ. ಪಾಠ ಒಂದು ಗುಂಪಿಗೆ ಸೇರಿದೆ, ಇನ್ನೊಂದಕ್ಕೆ ಸೇರಿಲ್ಲ. ಕೆಳಗಿನ ಗುಂಪಿನಲ್ಲಿ ತಪ್ಪಿದ 9 ಜನರಲ್ಲಿ 8 ಜನ 2/5 ಆರಿಸಿದ್ದಾರೆ. ಅಂದ್ರೆ ಮೇಲೆ ಮೇಲೆ, ಕೆಳಗೆ ಕೆಳಗೆ ಕೂಡಿಸಿದ್ದಾರೆ. ಇವರನ್ನೂ ನಡುವಿನ 18 ಜನರಲ್ಲಿ ತಪ್ಪಿದವರನ್ನೂ ಕೂರಿಸಿಕೊಂಡು ಹೇಳಿದರೆ ಸಾಕು, ಇಡೀ ತರಗತಿಗೆ ಬೇಡ.

15ನೇ ಪ್ರಶ್ನೆ: 3/4ಕ್ಕೆ ಸಮವಾದದ್ದು ಯಾವುದು? ಇಲ್ಲೂ 18 ಜನರೇ ಸರಿ, ಅದೇ 0.45. ಆದರೆ ಮೇಲಿನವರಲ್ಲಿ 3, ಕೆಳಗಿನವರಲ್ಲಿ 7 ಸರಿ. `D` ಮೈನಸ್ 0.36! ಚೆನ್ನಾಗಿ ಕಲಿತವರೇ ತಪ್ಪಿದ್ದಾರೆ ಅಂದ್ರೆ ಮೊದಲು ಅನುಮಾನ ಪಡಬೇಕಾದ್ದು ನಮ್ಮ ಮೇಲೆ. ಆಯ್ಕೆಗಳನ್ನು ನೋಡಿದರೆ ಮೊದಲನೆಯದು 75/100, ಕೊನೆಯದು 6/8. ಎರಡೂ ಸರಿ, ಕೀ ಉತ್ತರದಲ್ಲಿ ಮಾತ್ರ 6/8 ಒಂದೇ ಇದೆ. ಮೇಲಿನ ಗುಂಪಿನ 7 ಜನ 75/100 ಆರಿಸಿದ್ದರು ಅಷ್ಟೆ. ಇಲ್ಲಿ ಪಾಠ ಮತ್ತೆ ಮಾಡುವುದು ಏನೂ ಇಲ್ಲ. ಎರಡಕ್ಕೂ ಅಂಕ ಕೊಡಿ, ಒಟ್ಟು ಮತ್ತೆ ಕೂಡಿಸಿ. ಆಗ ಕೆಲವರ ಗುಂಪು ಬದಲಾಗಬಹುದು, ಹಾಗಾಗಿ ಮೈನಸ್ ಬಂದ ಪ್ರಶ್ನೆಗಳನ್ನು ಮೊದಲೇ ಸರಿ ಮಾಡಿಕೊಳ್ಳುವುದು ಒಳ್ಳೆಯದು.

ನನ್ನ ಪ್ರಕಾರ ನಿಜವಾಗಿ ನಿದ್ದೆ ಕೆಡಿಸಬೇಕಾದ್ದು 12ನೇ ಪ್ರಶ್ನೆ. 0.45, 0.8, 0.125, 0.09 ಇವುಗಳಲ್ಲಿ ದೊಡ್ಡದು ಯಾವುದು? 10 ಜನ ಸರಿ, `p` 0.25. ನಾಲ್ಕು ಆಯ್ಕೆಗಳಲ್ಲಿ ಕಣ್ಣು ಮುಚ್ಚಿ ಗುರುತು ಹಾಕಿದರೂ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. ಎರಡೂ ಗುಂಪಿನಲ್ಲಿ ಮೂರು ಮೂರು ಸರಿ, `D` ಸೊನ್ನೆ. ಇಲ್ಲಿಗೇ ನಿಲ್ಲಿಸಿದರೆ "ಪ್ರಶ್ನೆ ಕೆಟ್ಟದ್ದು" ಅಂತ ತೆಗೆದುಹಾಕುತ್ತೇವೆ ಅಲ್ವಾ? ತಪ್ಪು ಉತ್ತರಗಳನ್ನೂ ಎಣಿಸಿ. ನಾಲ್ಕೂ ಆಯ್ಕೆಗೆ ಸಮನಾಗಿ ಹಂಚಿಹೋಗಿದ್ದರೆ ಅದು ಬರೀ ಊಹೆ, ಬಹುಶಃ ಆ ಭಾಗವನ್ನು ಕಲಿಸಿಯೇ ಇಲ್ಲ. ಆದರೆ ಇಲ್ಲಿ ಮೇಲಿನವರಲ್ಲಿ 7, ಕೆಳಗಿನವರಲ್ಲಿ 6 ಜನ 0.125 ಆರಿಸಿದ್ದಾರೆ. ಅಂಕಿ ಜಾಸ್ತಿ ಇದ್ದರೆ ಸಂಖ್ಯೆ ದೊಡ್ಡದು ಅನ್ನೋ ನಂಬಿಕೆ ಎಲ್ಲರಲ್ಲೂ ಕೂತಿದೆ. ಇದೇ ಇಡೀ ತರಗತಿಗೆ ಮತ್ತೆ ಮಾಡಬೇಕಾದ ಪಾಠ.

ಕೆಲವು ಎಚ್ಚರಿಕೆ. 11 ಜನರ ಗುಂಪಿನಲ್ಲಿ ಒಂದು ಮಗುವಿನ ಉತ್ತರ ಬದಲಾದರೂ `D` 0.09 ಏರಿಳಿಯುತ್ತದೆ, ಹಾಗಾಗಿ 0.27ಕ್ಕೂ 0.36ಕ್ಕೂ ನಡುವೆ ದೊಡ್ಡ ವ್ಯತ್ಯಾಸ ಹುಡುಕಬೇಡಿ. ಒಂದೇ ಪ್ರಶ್ನೆ ನೋಡಿ ತೀರ್ಮಾನ ಮಾಡುವುದೂ ಬೇಡ, ಅದೇ ವಿಷಯದ ಮೂರ್ನಾಲ್ಕು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಿ. ಕೊನೆಯ ಪ್ರಶ್ನೆಗಳಲ್ಲಿ ಖಾಲಿ ಬಿಟ್ಟವರೇ ಜಾಸ್ತಿ ಇದ್ದರೆ ಅಲ್ಲಿ ಸಾಲದೇ ಬಂದದ್ದು ಸಮಯ.

ಪಾಠ ಆದಮೇಲೆ ಮತ್ತೆ ಕೇಳುವಾಗ ಸಂಖ್ಯೆಗಳನ್ನು ನೋಡಿ ಆರಿಸಿ. 0.3 ದೊಡ್ಡದಾ 0.75 ದೊಡ್ಡದಾ ಅಂತ ಕೇಳಿದರೆ ಹಳೇ ನಂಬಿಕೆ ಇಟ್ಟುಕೊಂಡವರೂ ಸರಿ ಹೇಳುತ್ತಾರೆ. 0.6 ಮತ್ತು 0.375 ಕೇಳಿ. ಎಲ್ಲರೂ ಸರಿ ಬರೆದರೆ `D` ಮತ್ತೆ ಸೊನ್ನೆಯೇ ಬರುತ್ತದೆ, ಈ ಸಲ `p` ಮಾತ್ರ 1.