ಒಂದು ಕಪ್ ಮೂಳೆ ಸೂಪಿನಲ್ಲಿ ನಿಜಕ್ಕೂ ಎಷ್ಟು ಪ್ರೋಟೀನ್ ಇರುತ್ತದೆ?

ಮೂಳೆ ಸೂಪ್ ಒಂದು ಕಪ್ ಕುಡಿದರೆ 20 ಗ್ರಾಂ ಪ್ರೋಟೀನ್ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ, ನಾನು ತಿರುಗಿ ಎರಡೇ ಪ್ರಶ್ನೆ ಕೇಳುತ್ತೇನೆ. ಪಾತ್ರೆಗೆ ಎಷ್ಟು ಮೂಳೆ ಹಾಕಿದ್ರಿ? ಸೋಸಿದ ಮೇಲೆ ಎಷ್ಟು ಕಪ್ ಬಂತು? ಈ ಎರಡಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಬಾಯಿಲೆಕ್ಕ. ಪಾತ್ರೆಗೆ ಬೀಳದೆ ಇದ್ದದ್ದು ಕಪ್ಪಿಗೆ ಎಲ್ಲಿಂದ ಬರಬೇಕು?

ಒಂದು ಲೆಕ್ಕ ಪೂರ್ತಿ ಮಾಡಿ ತೋರಿಸುತ್ತೇನೆ. 1 ಕಿಲೋ ಮೂಳೆ ತೆಗೆದುಕೊಳ್ಳಿ. ಮಾಂಸ ಹೆಚ್ಚುಕಡಿಮೆ ಇಲ್ಲ, ಆದರೆ ಕೀಲುಗಳಿವೆ, ಅದಕ್ಕೆ ಅಂಟಿದ ಬಿಳಿ ಮೆದು ಮೂಳೆಯೂ ಇದೆ. ಎರಡೂವರೆ ಲೀಟರ್ ನೀರು ಹಾಕಿ, ಸಣ್ಣ ಉರಿಯಲ್ಲಿ ಐದಾರು ಗಂಟೆ ಬಿಟ್ಟು, ಸೋಸಿ, ಜಿಡ್ಡು ತೆಗೆದರೆ ಒಂದೂವರೆ ಲೀಟರ್ ಸೂಪ್ ಉಳಿಯಿತು ಅಂದುಕೊಳ್ಳೋಣ. 240 ಮಿಲಿ ಕಪ್ಪಿನಲ್ಲಿ ಅಳೆದರೆ 6 ಕಪ್ ಚಿಲ್ಲರೆ. ಕಪ್ಪಿಗೆ 20 ಗ್ರಾಂ ಅನ್ನುವುದು ನಿಜವಾಗಬೇಕಾದರೆ ಪಾತ್ರೆಯಲ್ಲಿ ಒಟ್ಟು 120 ಗ್ರಾಂ ಪ್ರೋಟೀನ್ ಕರಗಿರಬೇಕು.

ಈಗ ಮೂಳೆ ಕಡೆಯಿಂದ ನೋಡಿ. ಹಸಿ ಮೂಳೆಯ ತೂಕದಲ್ಲಿ ಪ್ರೋಟೀನ್ ಸುಮಾರು ಐದರಲ್ಲಿ ಒಂದು ಪಾಲು. ಅಂದರೆ ಕಿಲೋಗೆ 200 ಗ್ರಾಂ. ಅದರಲ್ಲಿ ಹೆಚ್ಚಿನದು ಕೊಲಾಜೆನ್. ಅದು ಸುಣ್ಣದ ಅಂಶದ ಜೊತೆ ಹೆಣೆದುಕೊಂಡು ಮೂಳೆಯೊಳಗೆ ಬಿಗಿಯಾಗಿ ಕೂತಿರುತ್ತದೆ. ಬಿಸಿನೀರಿನಲ್ಲಿ ನಿಧಾನವಾಗಿ ಜೆಲಾಟಿನ್ ಆಗಿ ಬಿಡುತ್ತದೆ, ಆದರೆ ಎಲ್ಲವೂ ಬಿಡುವುದಿಲ್ಲ. 120 ಗ್ರಾಂ ಹೊರಗೆ ಬಂದಿದೆ ಅಂದರೆ ಅರ್ಧಕ್ಕಿಂತ ಜಾಸ್ತಿ ಬಂದಿದೆ ಅಂತ ಅರ್ಥ. ಹಾಗಿದ್ದರೆ ಸೋಸಿದ ಮೇಲೆ ಉಳಿದ ಮೂಳೆ ಬೆರಳಲ್ಲಿ ಒತ್ತಿದರೆ ಸೀಮೆಸುಣ್ಣದ ಹಾಗೆ ಪುಡಿಯಾಗಬೇಕು. ಒಂದು ಮೂಳೆ ತೆಗೆದು ಒತ್ತಿ ನೋಡಿ. ಕೋಳಿಯ ಸಣ್ಣ ಮೂಳೆ ಕುಕ್ಕರ್‌ನಲ್ಲಿ ತುಂಬಾ ಹೊತ್ತು ಬೆಂದಿದ್ದರೆ ಪುಡಿಯಾದೀತು. ದಪ್ಪ ಕಾಲು ಮೂಳೆ ಮಾತ್ರ ಇನ್ನೂ ಕಲ್ಲಿನಂತೆಯೇ ಇರುತ್ತದೆ. ಅದರ ಪ್ರೋಟೀನ್ ಬಹುಪಾಲು ಒಳಗೇ ಉಳಿದು, ಮೂಳೆಯ ಜೊತೆ ಕಸದ ಬುಟ್ಟಿಗೆ ಹೋಗುತ್ತದೆ.

ನಾನು ಇಟ್ಟುಕೊಂಡಿರುವ ಅಂದಾಜು ಹೀಗಿದೆ: ಕೀಲು ಇರುವ ಮೂಳೆ ಮನೆಯ ಒಲೆಯಲ್ಲಿ ಕಿಲೋಗೆ 30ರಿಂದ 40 ಗ್ರಾಂ ಬಿಡುತ್ತದೆ. ಆರು ಕಪ್ಪಿಗೆ ಹಂಚಿದರೆ ಕಪ್ಪಿಗೆ 5ರಿಂದ 6 ಗ್ರಾಂ ಬರುತ್ತದೆ. ಕೀಲಿಲ್ಲದ ಬರೀ ನಳಿಗೆ ಮೂಳೆ ಆದರೆ ಇನ್ನೂ ಕಡಿಮೆ. ಅದರೊಳಗಿನ ಮಜ್ಜೆಯಿಂದ ಪ್ರೋಟೀನ್ ಬರುತ್ತದೆ ಅಂತ ಆಸೆಪಡಬೇಡಿ, ಅದರಲ್ಲಿ ಹೆಚ್ಚಿನದು ಕೊಬ್ಬು. ಚರ್ಮ, ನರ, ಕೀಲು ತುಂಬಿರುವ ಕೋಳಿ ಕಾಲು ಹಾಕಿದರೆ ಲೆಕ್ಕ ಮೇಲೇರುತ್ತದೆ. ಆಗಲೂ 20 ದೂರದ ಮಾತೇ.

ಇಲ್ಲಿ ಒಂದು ಸಣ್ಣ ಜಾಣತನ ನಡೆಯುತ್ತದೆ, ಗಮನಿಸಿ. ಅದೇ ಒಂದೂವರೆ ಲೀಟರ್ ಸೂಪನ್ನು ಇನ್ನೂ ಕುದಿಸಿ ಮುಕ್ಕಾಲು ಲೀಟರ್‌ಗೆ ಇಳಿಸಿದರೆ ಕಪ್ಪಿಗೆ 10, 12 ಗ್ರಾಂ ಆಗುತ್ತದೆ. ಸುಳ್ಳೇನೂ ಅಲ್ಲ. ಆದರೆ ಆರು ಕಪ್ ಇದ್ದದ್ದು ಈಗ ಮೂರು ಕಪ್. ಪಾತ್ರೆಯ ಒಟ್ಟು ಪ್ರೋಟೀನ್ ಒಂದು ಗ್ರಾಮೂ ಏರಿಲ್ಲ, ನೀರಷ್ಟೇ ಹೋಗಿದೆ. ಹಾಗಾಗಿ "ಕಪ್ಪಿಗೆ ಇಷ್ಟು" ಅನ್ನುವ ಮಾತನ್ನು ಒಂಟಿಯಾಗಿ ನಂಬಬೇಡಿ. ಕಪ್ ಎಷ್ಟು ದೊಡ್ಡದು ಅಂತಲೂ ನೋಡಿ. ಕೆಲವರ ಮನೆಯ ಮಗ್‌ನಲ್ಲಿ 350 ಮಿಲಿ ಹಿಡಿಯುತ್ತದೆ, ಅದನ್ನೂ ಕಪ್ ಅಂತಲೇ ಕರೆಯುತ್ತಾರೆ.

ತಕ್ಕಡಿ ಇಲ್ಲದವರಿಗೆ ಫ್ರಿಜ್ ಇದೆ. ಜಿಡ್ಡು ತೆಗೆದ ಸೂಪನ್ನು ಒಂದು ಬಟ್ಟಲಿಗೆ ಹಾಕಿ ರಾತ್ರಿಯಿಡೀ ಒಳಗಿಡಿ. ಸಿಹಿ ಜೆಲ್ಲಿ ಮಾಡುವವರು 7 ಗ್ರಾಂ ಜೆಲಾಟಿನ್ ಪುಡಿಗೆ ಎರಡು ಕಪ್ ನೀರು ಹಾಕುತ್ತಾರೆ, ಅದು ಚೆನ್ನಾಗಿಯೇ ಗಟ್ಟಿಯಾಗುತ್ತದೆ. ಅಂದರೆ ಕಪ್ಪಿಗೆ ಮೂರೂವರೆ ಗ್ರಾಂ ಸಾಕು! ಬೆಳಿಗ್ಗೆ ಬಟ್ಟಲು ಅಲ್ಲಾಡಿಸಿದಾಗ ಸೂಪ್ ನಡುಗುವ ಜೆಲ್ಲಿಯಂತಿದ್ದರೆ ಕಪ್ಪಿಗೆ ಮೂರರಿಂದ ಐದು ಗ್ರಾಂ ಇದೆ ಅಂದುಕೊಳ್ಳಬಹುದು. ಬಟ್ಟಲು ಬೋರಲು ಹಾಕಿದರೂ ಜಾರದಷ್ಟು ಗಟ್ಟಿ ಇದ್ದರೆ ಇನ್ನಷ್ಟು ಜಾಸ್ತಿ. ಕಪ್ಪಿಗೆ 20 ಗ್ರಾಂ ಜೆಲಾಟಿನ್ ಇದ್ದಿದ್ದರೆ ಅದು ರಬ್ಬರ್ ಥರ ಆಗಿ ಚಾಕುವಿನಿಂದ ಕೊಯ್ಯಬೇಕಾಗುತ್ತಿತ್ತು.

ಈ ಪರೀಕ್ಷೆಗೆ ಒಂದು ಮಿತಿಯೂ ಇದೆ. ತುಂಬಾ ಹೊತ್ತು, ಅದರಲ್ಲೂ ಕುಕ್ಕರ್‌ನ ಒತ್ತಡದಲ್ಲಿ ಕುದ್ದರೆ ಜೆಲಾಟಿನ್ ತುಂಡು ತುಂಡಾಗಿ, ಗಟ್ಟಿಯಾಗುವ ಗುಣ ಕಳೆದುಕೊಳ್ಳುತ್ತದೆ. ಪ್ರೋಟೀನ್ ಅಲ್ಲೇ ಇರುತ್ತದೆ, ಜೆಲ್ಲಿ ಆಗುವುದಿಲ್ಲ, ಅಷ್ಟೆ. ಆದ್ದರಿಂದ ಗಟ್ಟಿಯಾದರೆ ಇದೆ ಅನ್ನಬಹುದು, ಗಟ್ಟಿಯಾಗದಿದ್ದರೆ ಇಲ್ಲ ಅನ್ನಲಾಗದು.

ಆಗ ಒಣಗಿಸಿ ನೋಡಬೇಕು. ಉಪ್ಪು ಹಾಕದ, ಜಿಡ್ಡು ಪೂರ್ತಿ ತೆಗೆದ ಸೂಪ್ ಅರ್ಧ ಲೀಟರ್ ಅಳೆದುಕೊಳ್ಳಿ. ಅಗಲವಾದ ಸ್ಟೀಲ್ ತಟ್ಟೆಯನ್ನು ಮೊದಲೇ ತೂಗಿ ಬರೆದಿಟ್ಟುಕೊಳ್ಳಿ. ಸೂಪನ್ನು ಸಣ್ಣ ಉರಿಯಲ್ಲಿ ಪಾಕದಷ್ಟು ಮಂದ ಮಾಡಿ, ತಟ್ಟೆಗೆ ಬಳಿದು, ಕುದಿಯುವ ನೀರಿನ ಪಾತ್ರೆಯ ಮೇಲಿಡಿ. ನೇರ ಉರಿಗೆ ಇಟ್ಟರೆ ತಳ ಹಿಡಿದು ಸೀದು ಹೋಗುತ್ತದೆ. ಕೊನೆಗೆ ಕಂದು ಬಣ್ಣದ, ಗಾಜಿನಂತೆ ಮುರಿಯುವ ಪದರ ಉಳಿಯುತ್ತದೆ. ತಟ್ಟೆಯ ತಳದ ನೀರೊರೆಸಿ ತೂಗಿ, ಖಾಲಿ ತಟ್ಟೆಯ ತೂಕ ಕಳೆಯಿರಿ. 13 ಗ್ರಾಂ ಬಂತು ಅಂದರೆ 240 ಮಿಲಿ ಕಪ್ಪಿಗೆ ಸುಮಾರು 6 ಗ್ರಾಂ. ಆ ಪದರದಲ್ಲಿ ಲವಣಗಳೂ ಇವೆ, ರುಚಿ ಕೊಡುವ ಬೇರೆ ಅಂಶಗಳೂ ಇವೆ, ಚೂರು ತೇವವೂ ಉಳಿದಿರುತ್ತದೆ. ಹಾಗಾಗಿ ಪ್ರೋಟೀನ್ 6 ಗ್ರಾಂಗಿಂತ ಕಡಿಮೆಯೇ ಇರುತ್ತದೆ, ಜಾಸ್ತಿ ಇರಲು ಸಾಧ್ಯವಿಲ್ಲ. ದೊಡ್ಡ ದೊಡ್ಡ ಮಾತುಗಳನ್ನು ಅಳೆಯಲು ಈ ಮೇಲ್ಮಿತಿ ಒಂದೇ ಸಾಕು.

ಪ್ಯಾಕೆಟ್ ಸೂಪಿಗೂ ಇದೇ ಪರೀಕ್ಷೆ ನಡೆಯುತ್ತದೆ, ಉಪ್ಪು ಮಾತ್ರ ಕಳೆಯಬೇಕು. ಪ್ಯಾಕೆಟ್ ಮೇಲೆ ಸೋಡಿಯಂ ಬರೆದಿರುತ್ತಾರೆ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 400 ಮಿಲಿಗ್ರಾಂ ಸೋಡಿಯಂ ಅಂದರೆ 1 ಗ್ರಾಂ ಉಪ್ಪು. ಸಕ್ಕರೆ, ಹಿಟ್ಟು ಬೆರೆಸಿದ್ದರೆ ಅದೂ ತಟ್ಟೆಯಲ್ಲೇ ಉಳಿಯುತ್ತದೆ, ನೆನಪಿರಲಿ. ಕೆಲವು ಪ್ಯಾಕೆಟ್‌ನಲ್ಲಿ ಕಪ್ಪಿಗೆ 10, 15 ಗ್ರಾಂ ಇರುವುದೂ ನಿಜ ಇರಬಹುದು. ಸಾಮಗ್ರಿಗಳ ಪಟ್ಟಿ ಓದಿ. ಕೊಲಾಜೆನ್ ಪೆಪ್ಟೈಡ್, ಜೆಲಾಟಿನ್ ಅಂತ ಬೇರೆಯಾಗಿ ಬರೆದಿದ್ದರೆ ಪುಡಿ ಬೆರೆಸಿದ್ದಾರೆ, ಬರೀ ಮೂಳೆಯಿಂದ ಬಂದದ್ದಲ್ಲ. ಪೆಪ್ಟೈಡ್ ಪುಡಿ ಫ್ರಿಜ್‌ನಲ್ಲಿ ಗಟ್ಟಿಯಾಗುವುದೇ ಇಲ್ಲ, ಅದಕ್ಕೆ ಜೆಲ್ಲಿ ಪರೀಕ್ಷೆ ಸುಮ್ನೆ ದಂಡ.

ಇನ್ನು ಮಾಂಸ ಹಾಕಿದ ಸೂಪ್. ಇದರ ಲೆಕ್ಕವೇ ಬೇರೆ, ಇಲ್ಲೇ ಜನ ಜಾಸ್ತಿ ಎಡವುವುದು. ಕೊಬ್ಬಿಲ್ಲದ ಹಸಿ ಮಾಂಸದಲ್ಲಿ 100 ಗ್ರಾಂಗೆ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ. ಮೂಳೆ ಸಮೇತ ಇದ್ದರೆ ಬರೀ ಮಾಂಸ ಎಷ್ಟು ಅಂತ ತಿಳಿಯಲು ಸುಲಭದ ದಾರಿ ಇದೆ. ಹಾಕುವ ಮುಂಚೆ ಎಲ್ಲ ತೂಗಿ, ಊಟ ಆದ ಮೇಲೆ ತಟ್ಟೆಗಳಲ್ಲಿ ಉಳಿದ ಮೂಳೆ ಒಟ್ಟುಮಾಡಿ ತೂಗಿ. ತೂಕಕ್ಕೆ ಬಂದದ್ದು 800 ಗ್ರಾಂ, ಉಳಿದ ಮೂಳೆ 240 ಗ್ರಾಂ ಅಂದರೆ ಮಾಂಸ 560 ಗ್ರಾಂ, ಪ್ರೋಟೀನ್ ಸುಮಾರು 110 ಗ್ರಾಂ. ಆರು ಬಟ್ಟಲಿಗೆ ಹಂಚಿದರೆ 18 ಗ್ರಾಂ ಚಿಲ್ಲರೆ. ಒಳ್ಳೆಯ ಲೆಕ್ಕ, ಅಲ್ವಾ?

ಆದರೆ ಆ 18 ಗ್ರಾಂ ತುಂಡುಗಳಲ್ಲಿದೆ, ತಿಳಿಯಲ್ಲಿ ಅಲ್ಲ. ಮಾಂಸದ ನಾರಿನ ಪ್ರೋಟೀನ್ ಕುದಿಯುವ ನೀರಿಗೆ ಬಿಡುವುದಿಲ್ಲ, ಬಿಗಿದುಕೊಂಡು ಅಲ್ಲೇ ಕೂರುತ್ತದೆ. ನೀರಿಗೆ ಬಿಡುವ ಸ್ವಲ್ಪ ಪ್ರೋಟೀನ್ ಕೂಡ ಬಿಸಿಗೆ ಹೆಪ್ಪುಗಟ್ಟಿ ಬೂದು ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ನಾವೇ ಸೌಟಿನಿಂದ ತೆಗೆದು ಚೆಲ್ಲುತ್ತೇವೆ. ಮಾಂಸದ "ಸಾರವೆಲ್ಲ" ನೀರಿಗೆ ಇಳಿಯಿತು ಅನ್ನುವುದು ರುಚಿಯ ಮಾತು, ಪ್ರೋಟೀನಿನ ಮಾತಲ್ಲ. ಒಬ್ಬರ ಬಟ್ಟಲಿಗೆ ನಾಲ್ಕು ತುಂಡು, ಇನ್ನೊಬ್ಬರ ಬಟ್ಟಲಿಗೆ ಬರೀ ತಿಳಿ ಬಿದ್ದರೆ ಇಬ್ಬರ ಲೆಕ್ಕ ಅಜಗಜಾಂತರ.

ಇನ್ನೊಂದು ಎಡವಟ್ಟು, ಒಂದೇ ಮಾಂಸವನ್ನು ಎರಡು ಸಲ ಎಣಿಸುವುದು. ನಮ್ಮ ಸೊಸೆ ಒಮ್ಮೆ ಮಧ್ಯಾಹ್ನದ ಸೂಪಿಗೆ ಮಾಂಸದ ಪೂರ್ತಿ ಪ್ರೋಟೀನ್ ಬರೆದಿದ್ದಳು. ತುಂಡುಗಳನ್ನು ತೆಗೆದಿಟ್ಟು ರಾತ್ರಿ ಪಲ್ಯ ಮಾಡಿದಳು, ಅದಕ್ಕೂ ಅಷ್ಟನ್ನೇ ಬರೆದಳು. "ಒಂದೇ ಕೋಳಿ ಎರಡು ಸಲ ಸಾಯುತ್ತಾ ಅಮ್ಮಣ್ಣಿ?" ಅಂದೆ, ನಕ್ಕು ಸೂಪಿನ ಸಾಲಿನಲ್ಲಿ 4 ಅಂತ ತಿದ್ದಿದಳು.

ಬೆಂದ ತುಂಡುಗಳನ್ನೇ ತೂಗುವುದಾದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಬೇಯುವಾಗ ಮಾಂಸದ ನೀರು ಹೋಗಿ ತೂಕ ಇಳಿಯುತ್ತದೆ, ಹಾಗಾಗಿ 100 ಗ್ರಾಂ ಬೆಂದ ಮಾಂಸಕ್ಕೆ 25ರಿಂದ 30 ಗ್ರಾಂ ಹಿಡಿಯಬಹುದು. ಹಸಿ ತೂಕಕ್ಕೆ ಬೆಂದದ್ದರ ಅಂಕಿ ಹಾಕಿದರೆ ಸುಮ್ಮನೆ ಉಬ್ಬಿಸಿದಂತಾಗುತ್ತದೆ.

ಈ ಲೆಕ್ಕ ನಿಜವಾಗಿ ಬೇಕಾಗುವುದು ಕಾಯಿಲೆಯಿಂದ ಎದ್ದವರಿಗೆ ಬರೀ ತಿಳಿ ಸೂಪ್ ಕೊಡುವ ಮನೆಗಳಲ್ಲಿ. 60 ಕಿಲೋ ತೂಕದ ದೊಡ್ಡವರಿಗೆ ಆರೋಗ್ಯ ಚೆನ್ನಾಗಿದ್ದಾಗಲೇ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಮೂರು ಕಪ್ ತಿಳಿ ಸೂಪ್ ಕುಡಿಸಿದರೆ 15 ಗ್ರಾಂ ಸಿಕ್ಕೀತು. ಅದೂ ಅರೆಬರೆ ಪ್ರೋಟೀನ್, ಯಾಕೆಂದರೆ ದೇಹಕ್ಕೆ ಹೊರಗಿನಿಂದಲೇ ಬರಬೇಕಾದ ಟ್ರಿಪ್ಟೊಫಾನ್ ಅನ್ನುವ ಅಂಶ ಜೆಲಾಟಿನ್‌ನಲ್ಲಿ ಇಲ್ಲವೇ ಇಲ್ಲ. ನುಂಗಲು ಆಗುವವರಾದರೆ ಬೆಂದ ಮಾಂಸವನ್ನು ಅದೇ ಸೂಪಿನಲ್ಲಿ ನುಣ್ಣಗೆ ಅರೆದು ಕೊಡಿ. ಕಪ್ಪಿಗೆ 50 ಗ್ರಾಂ ಬೆಂದ ಮಾಂಸ ಸೇರಿದರೆ 12ರಿಂದ 15 ಗ್ರಾಂ ಒಂದೇ ಏಟಿಗೆ ಏರುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ ಪ್ರೋಟೀನ್, ಉಪ್ಪು ಎರಡಕ್ಕೂ ಡಾಕ್ಟರು ಮಿತಿ ಹೇಳಿರುತ್ತಾರೆ. ಅವರಿಗೆ ಅರೆದು ಹಾಕುವ ಮುಂಚೆ ಕೇಳಿಕೊಳ್ಳಿ.